ಕೃಷ್ಣಾ ಕಣಿವೆಯ ಪ್ರವಾಹ: ಇಪ್ಪತ್ತು ಅಂಕದ ಉತ್ತರವನ್ನು ಕಟ್ಟುವ ಬಗೆ

ಪ್ರಶ್ನೆ ನಿಮಗೆಲ್ಲ ಪರಿಚಿತವೇ. ‘ಒಂದು ದೊಡ್ಡ ನದಿಯ ಜಲಾನಯನ ಪ್ರದೇಶದಲ್ಲಿ ಪ್ರವಾಹಗಳ ಕಾರಣ, ಪರಿಣಾಮ ಮತ್ತು ನಿರ್ವಹಣೆಯನ್ನು ವಿವರಿಸಿ.’ ಈ ಪ್ರಶ್ನೆಗೆ ಬರೆದ ಉತ್ತರಗಳನ್ನು ನಾನು ಹಲವು ವರ್ಷಗಳಿಂದ ತಿದ್ದುತ್ತಿದ್ದೇನೆ. ಬಹುತೇಕ ಉತ್ತರಗಳು ‘ಅತಿವೃಷ್ಟಿ, ಅರಣ್ಯನಾಶ, ಹೂಳು, ಒತ್ತುವರಿ’ ಎಂಬ ನಾಲ್ಕು ಪದಗಳಿಂದ ಆರಂಭವಾಗುತ್ತವೆ. ಅವು ಸುಳ್ಳಲ್ಲ. ಆದರೆ ಅವನ್ನು ಓದಿದವರಿಗೆ ಆ ನದಿ ಯಾವುದು, ನೀರು ಎಲ್ಲಿಂದ ಹೊರಟು ಎಷ್ಟು ದಿನಕ್ಕೆ ಎಲ್ಲಿಗೆ ಬಂತು ಎಂಬುದು ತಿಳಿಯುವುದಿಲ್ಲ. ಪ್ರವಾಹವೆಂದರೆ ಒಂದು ನಿರ್ದಿಷ್ಟ ಜಾಗದಲ್ಲಿ ಬಿದ್ದ ಮಳೆ ನಿರ್ದಿಷ್ಟ ಅವಧಿಯಲ್ಲಿ ಇನ್ನೊಂದು ಜಾಗವನ್ನು ತಲುಪುವುದು. ಈ ಜಾಗ ಮತ್ತು ಅವಧಿಯ ಲೆಕ್ಕ ಸರಿಯಾದರೆ ಕಾರಣ, ಪರಿಣಾಮ, ನಿರ್ವಹಣೆ ಮೂರೂ ಒಂದೇ ಎಳೆಯಲ್ಲಿ ಸೇರುತ್ತವೆ. ಇವತ್ತು ಕೃಷ್ಣಾ ನದಿಯನ್ನು ಇಟ್ಟುಕೊಂಡು ಅದನ್ನು ಮಾಡಿ ನೋಡೋಣ.

ಕೃಷ್ಣೆಯ ಜಲಾನಯನ ಪ್ರದೇಶ ಸುಮಾರು 2.59 ಲಕ್ಷ ಚದರ ಕಿಲೋಮೀಟರ್. ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣ, ಆಂಧ್ರಪ್ರದೇಶ ಈ ನಾಲ್ಕು ರಾಜ್ಯಗಳಲ್ಲಿ ಅದು ಹಬ್ಬಿದೆ, ಅದರಲ್ಲಿ ಅತಿ ದೊಡ್ಡ ಪಾಲು ಕರ್ನಾಟಕದ್ದು. ಆದರೆ ಮಳೆ ಈ ಪ್ರದೇಶದ ಮೇಲೆ ಸಮನಾಗಿ ಬೀಳುವುದಿಲ್ಲ. ನದಿ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ, ಅದೇ ನದಿ ಹಾದುಹೋಗುವ ವಿಜಯಪುರ, ಬಾಗಲಕೋಟೆಗಳಲ್ಲಿ ಅದು ಆರುನೂರು ಮಿಲಿಮೀಟರಿನ ಆಸುಪಾಸಿನಲ್ಲಿದೆ. ಹಾಗಾಗಿ ಜುಲೈ, ಆಗಸ್ಟ್ ತಿಂಗಳಲ್ಲಿ ಕೃಷ್ಣೆಗೆ ಬರುವ ನೀರಿನ ಬಹುಪಾಲು ಪಶ್ಚಿಮ ಘಟ್ಟದ ಅಂಚಿನಲ್ಲಿರುವ ಒಂದು ಕಿರಿದಾದ ಪಟ್ಟಿಯಿಂದ ಇಳಿದು ಬಂದದ್ದು. ಜಮಖಂಡಿಯ ರೈತ ಆಕಾಶ ನೋಡಿದರೆ ಮೋಡವೇ ಇರುವುದಿಲ್ಲ, ಆದರೂ ಹೊಲಕ್ಕೆ ಹೊಳೆ ಬಂದಿರುತ್ತದೆ. ನಮ್ಮ ಕಡೆಯವರು ‘ಮಹಾಪೂರ’ ಎಂದು ಕರೆಯುವುದು ಇದನ್ನೇ: ತಮ್ಮ ಊರಲ್ಲಿ ಮಳೆಯಿಲ್ಲದೆಯೂ ಬರುವ ನೀರು. ನಿಮ್ಮ ಉತ್ತರದಲ್ಲಿ ಕೃಷ್ಣೆಯ ನಕ್ಷೆ ಬರೆದಾಗ ಮೊದಲು ಆ ಪಟ್ಟಿಗೆ ಗೆರೆ ಹಾಕಿ, ಉಳಿದ ಮಾತು ಆಮೇಲೆ.

ಈಗ ಇಳಿಜಾರನ್ನು ನೋಡಿ. ಮಹಾಬಳೇಶ್ವರದ ಹತ್ತಿರ ನದಿ ಸಮುದ್ರಮಟ್ಟದಿಂದ 1,337 ಮೀಟರ್ ಎತ್ತರದಲ್ಲಿ ಹುಟ್ಟುತ್ತದೆ. ಸಾಂಗ್ಲಿಗೆ ಬರುವಷ್ಟರಲ್ಲಿ ಏಳುನೂರು ಮೀಟರಿಗೂ ಹೆಚ್ಚು ಕೆಳಗೆ ಇಳಿದಿರುತ್ತದೆ. ಅಲ್ಲಿಂದ ಮುಂದೆ ಆಲಮಟ್ಟಿಯವರೆಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಹರಿದರೂ ಇಳಿತ ಬಹಳ ಕಡಿಮೆ. ಓಡಿ ಬಂದ ನೀರು ಇಲ್ಲಿ ನಡೆಯತೊಡಗುತ್ತದೆ. ಇದರ ಜೊತೆಗೆ ಉಪನದಿಗಳು ಒಂದರ ಹಿಂದೊಂದು ಬಂದು ಕೂಡುತ್ತವೆ: ಕರಾಡದಲ್ಲಿ ಕೊಯ್ನಾ, ಸಾಂಗ್ಲಿಯ ಹತ್ತಿರ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ, ಕರ್ನಾಟಕದ ಗಡಿ ದಾಟಿದ ಮೇಲೆ ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳದ ಬಳಿ ದೂಧಗಂಗಾ. ಇವೆಲ್ಲ ಒಂದೇ ಘಟ್ಟದ ಪಟ್ಟಿಯಲ್ಲಿ ಹುಟ್ಟಿದವು. ಆದ್ದರಿಂದ ಒಂದರಲ್ಲಿ ನೆರೆ ಬಂದ ದಿನವೇ ಉಳಿದವುಗಳಲ್ಲೂ ಬಂದಿರುತ್ತದೆ. ಕೃಷ್ಣೆ ತುಂಬಿ ಎತ್ತರದಲ್ಲಿ ಹರಿಯುವಾಗ ಪಂಚಗಂಗೆಯ ನೀರಿಗೆ ಒಳಸೇರಲು ಜಾಗ ಸಿಗುವುದಿಲ್ಲ, ಅದು ಕೊಲ್ಹಾಪುರದ ಕಡೆಗೆ ಹಿಂದಕ್ಕೆ ಹರಡುತ್ತದೆ. ಕೊಲ್ಹಾಪುರ ಮುಳುಗುವುದಕ್ಕೆ ಅದರ ಮೇಲೆ ಬಿದ್ದ ಮಳೆ ಎಷ್ಟು ಕಾರಣವೋ, ಈ ತಡೆಯೂ ಅಷ್ಟೇ ಕಾರಣ.

2019ರ ಆಗಸ್ಟ್ ಮೊದಲೆರಡು ವಾರಗಳಲ್ಲಿ ನಡೆದದ್ದು ಇದೇ. ಘಟ್ಟದಲ್ಲಿ ಮಳೆ ಬಿಡುವಿಲ್ಲದೆ ಸುರಿಯಿತು. ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ. ಅಲ್ಲಿ ನೀರು 57 ಅಡಿ ಮೀರಿತು. ಇಲ್ಲಿ ಒಂದು ಪ್ರಶ್ನೆ ನಿಮಗೆ ಬರಬೇಕು: ಕೊಯ್ನಾದಲ್ಲಿ ನೂರು ಟಿಎಂಸಿ ಅಡಿಗೂ, ಅಂದರೆ ಹತ್ತು ಸಾವಿರ ಕೋಟಿ ಘನ ಅಡಿಗೂ ಮೀರಿದ ಜಲಾಶಯವಿದೆ, ವಾರಣೆಗೂ ಅಣೆಕಟ್ಟಿದೆ, ಮತ್ತೇಕೆ ತಡೆಯಲಾಗಲಿಲ್ಲ? ಇದಕ್ಕೆ ಎರಡು ಉತ್ತರಗಳಿವೆ. ಜಲಾಶಯಗಳು ಆಗಸ್ಟ್ ಆರಂಭದ ಹೊತ್ತಿಗೆ ತುಂಬುತ್ತ ಬಂದಿದ್ದವು ಎಂಬುದು ಮೊದಲನೆಯದು. ಎರಡನೆಯದನ್ನು ವಿದ್ಯಾರ್ಥಿಗಳು ಬರೆಯುವುದೇ ಇಲ್ಲ. ಅಣೆಕಟ್ಟು ತನ್ನ ಮೇಲ್ಭಾಗದಲ್ಲಿ ಬಿದ್ದ ಮಳೆಯನ್ನು ಮಾತ್ರ ಹಿಡಿಯಬಲ್ಲದು. ಅದರ ಕೆಳಗೆ, ನಗರಕ್ಕಿಂತ ಮೇಲೆ ಇರುವ ಪ್ರದೇಶದ ನೀರನ್ನು ಯಾವ ಗೇಟೂ ನಿಲ್ಲಿಸುವುದಿಲ್ಲ. ಸಾಂಗ್ಲಿ, ಕೊಲ್ಹಾಪುರಗಳಿಗೆ ಬಂದ ನೀರಿನಲ್ಲಿ ಇಂತಹ ತಡೆಯಿಲ್ಲದ ನೀರಿನ ಪಾಲು ದೊಡ್ಡದಿತ್ತು.

ಈ ಸಂದರ್ಭದಲ್ಲಿ ರಾಧಾನಗರಿಯ ಬಗ್ಗೆ ಒಂದು ಮಾತು ಹೇಳಬೇಕು, ಮುಖ್ಯ ಎಳೆಯಿಂದ ಸ್ವಲ್ಪ ಸರಿದರೂ ಅದು ಉಪಯೋಗಕ್ಕೆ ಬರುತ್ತದೆ. ಕೊಲ್ಹಾಪುರದ ಶಾಹೂ ಮಹಾರಾಜರ ಕಾಲದಲ್ಲಿ ಭೋಗಾವತಿ ನದಿಗೆ ಕಟ್ಟಲು ಆರಂಭಿಸಿದ ಅಣೆಕಟ್ಟು ಅದು. ಅದರ ಸ್ವಯಂಚಾಲಿತ ಗೇಟುಗಳು ನೀರು ಪೂರ್ಣಮಟ್ಟ ತಲುಪಿದಾಗ ತಾವಾಗಿಯೇ ತೆರೆದುಕೊಳ್ಳುತ್ತವೆ. ಅಣೆಕಟ್ಟಿನ ಸುರಕ್ಷತೆಗೆ ಇದು ಒಳ್ಳೆಯ ಏರ್ಪಾಡು, ಏಕೆಂದರೆ ಯಾರೂ ಎಚ್ಚರವಿಲ್ಲದ ರಾತ್ರಿಯಲ್ಲೂ ನೀರು ಕಟ್ಟೆಯ ಮೇಲೆ ಹತ್ತುವುದಿಲ್ಲ. ಆದರೆ ಕೆಳಗಿನ ಊರಿನ ದೃಷ್ಟಿಯಿಂದ ನೋಡಿದರೆ, ತುಂಬುವ ಮೊದಲೇ ಸ್ವಲ್ಪ ಸ್ವಲ್ಪವಾಗಿ ಖಾಲಿ ಮಾಡುವ ಆಯ್ಕೆ ಈ ಗೇಟುಗಳಲ್ಲಿ ಇಲ್ಲ. ಜಲಾಶಯ ಸುರಕ್ಷಿತವಾಗಿರುವುದು ಬೇರೆ, ಅದು ಪ್ರವಾಹವನ್ನು ತಗ್ಗಿಸುವುದು ಬೇರೆ.

ಸಾಂಗ್ಲಿಯಲ್ಲಿ ನೀರು ಏರಿದಾಗಲೆಲ್ಲ ಆಲಮಟ್ಟಿಯ ಹಿನ್ನೀರೇ ಕಾರಣ ಎಂಬ ಮಾತು ಗಡಿಯಾಚೆ ಕೇಳಿಬರುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆಯುವಾಗ ಭಾವನೆಗೆ ಜಾಗ ಕೊಡಬೇಡಿ, ಮಟ್ಟಗಳನ್ನು ನೋಡಿ. ಆಲಮಟ್ಟಿಯ ಈಗಿನ ಪೂರ್ಣ ಮಟ್ಟ 519.6 ಮೀಟರ್. ಹಿನ್ನೀರೆಂದರೆ ಜಲಾಶಯದ ಸಮತಲದ ನೀರು ಮೇಲ್ಭಾಗದ ನದಿಯ ಇಳಿಜಾರನ್ನು ಎಲ್ಲಿಯವರೆಗೆ ಮುಟ್ಟುತ್ತದೆ ಎಂಬ ಪ್ರಶ್ನೆ. 2019ರ ಪ್ರವಾಹದ ಬಳಿಕ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ್ ವಡನೇರೆ ಸಮಿತಿ ಕೂಡ ಸಾಂಗ್ಲಿ, ಕೊಲ್ಹಾಪುರಗಳ ಮುಳುಗಡೆಗೆ ಆಲಮಟ್ಟಿಯನ್ನು ಕಾರಣವೆಂದು ಹೇಳಲಿಲ್ಲ. ಅತಿಯಾದ ಮಳೆ ಮತ್ತು ನದಿಪಾತ್ರದ ಒತ್ತುವರಿಯ ಕಡೆಗೆ ಅದು ಬೆರಳು ತೋರಿಸಿತು. ಹಾಗೆಂದು ಹಿನ್ನೀರಿನಿಂದ ಮುಳುಗಡೆಯೇ ಆಗುವುದಿಲ್ಲ ಎಂದು ಬರೆದರೆ ಅದೂ ತಪ್ಪು. ಅದಕ್ಕೆ ಇದೇ ನದಿಯಲ್ಲಿ, ಇನ್ನೂ ಕೆಳಗೆ, ನಿಜವಾದ ಉದಾಹರಣೆಯಿದೆ. ಈಗ ಅದಕ್ಕೆ ಬರುತ್ತೇನೆ.

2009ನೇ ವರ್ಷವನ್ನು ನೆನಪಿಸಿಕೊಳ್ಳಿ. ಆ ವರ್ಷ ದೇಶದ ಮುಂಗಾರು ಮಳೆ ವಾಡಿಕೆಗಿಂತ ಶೇ. 22ರಷ್ಟು ಕಡಿಮೆಯಾಗಿತ್ತು, ಅದು ಬರಗಾಲದ ವರ್ಷ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಮಳೆಗಾಲ ಮುಗಿಯಿತೆಂದು ಎಲ್ಲರೂ ಭಾವಿಸಿದ್ದರು. ಆಗ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳೆ ಘಟ್ಟದ ಮೇಲಲ್ಲ, ಬಯಲಿನ ಮೇಲೆ ಸುರಿಯಿತು. ವಿಜಯಪುರ, ಬಾಗಲಕೋಟೆ, ಗದಗ, ರಾಯಚೂರು, ಬಳ್ಳಾರಿ, ಕರ್ನೂಲು ಇವೆಲ್ಲ ಮಳೆ ಕಡಿಮೆ ಬೀಳುವ ಜಿಲ್ಲೆಗಳು. ಅಲ್ಲಿನ ಎರೆ ಮಣ್ಣು ಒಣಗಿದಾಗ ಬಿರುಕು ಬಿಟ್ಟು ಮೊದಲ ಮಳೆಯನ್ನು ಕುಡಿಯುತ್ತದೆ. ಒಮ್ಮೆ ತೊಯ್ದು ಉಬ್ಬಿದ ಮೇಲೆ ಬಿರುಕು ಮುಚ್ಚಿಕೊಂಡು ಒಂದು ಹನಿಯನ್ನೂ ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಬಿದ್ದದ್ದೆಲ್ಲ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಇನ್ನು ಜಲಾಶಯಗಳ ವಿಚಾರ: ಸೆಪ್ಟೆಂಬರ್ ಕೊನೆಯಲ್ಲಿ ಅವು ತುಂಬಿರಬೇಕು ಎಂಬುದೇ ನಮ್ಮ ನೀರಾವರಿಯ ಉದ್ದೇಶ. ಅಂದರೆ ಪ್ರವಾಹವನ್ನು ಹಿಡಿಯುವ ಜಾಗ ಅತ್ಯಂತ ಕಡಿಮೆ ಇರುವ ವಾರದಲ್ಲೇ ಆ ಪ್ರವಾಹ ಬಂತು.

ಅಕ್ಟೋಬರ್ 2ರಂದು ಶ್ರೀಶೈಲಂ ಜಲಾಶಯಕ್ಕೆ ಸುಮಾರು 25 ಲಕ್ಷ ಕ್ಯೂಸೆಕ್ ನೀರು ಬರುತ್ತಿತ್ತು. ಅದನ್ನು ವಿನ್ಯಾಸಗೊಳಿಸಿದ್ದು 19 ಲಕ್ಷ ಕ್ಯೂಸೆಕ್ ಪ್ರವಾಹಕ್ಕೆ. ಈ ಅಂಕಿಯನ್ನು ಹಾಗೇ ಬರೆದರೆ ಅದಕ್ಕೆ ಅರ್ಥವಿಲ್ಲ, ಆದ್ದರಿಂದ ಒಂದು ಸಣ್ಣ ಲೆಕ್ಕ ಕಲಿತುಕೊಳ್ಳಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡುಗಳು. ಆದ್ದರಿಂದ ಒಂದು ಲಕ್ಷ ಕ್ಯೂಸೆಕ್ ನೀರು ಇಡೀ ದಿನ ಹರಿದರೆ 864 ಕೋಟಿ ಘನ ಅಡಿ, ಅಂದರೆ 8.64 ಟಿಎಂಸಿ ಅಡಿ. ಇಪ್ಪತ್ತೈದು ಲಕ್ಷಕ್ಕೆ ದಿನಕ್ಕೆ 216 ಟಿಎಂಸಿ ಅಡಿ. ಶ್ರೀಶೈಲಂನ ಇಡೀ ಸಾಮರ್ಥ್ಯವೂ ಹೆಚ್ಚುಕಡಿಮೆ ಅಷ್ಟೇ. ಆ ಗರಿಷ್ಠ ಹರಿವು ಒಂದು ದಿನ ಹಾಗೆಯೇ ನಿಂತಿದ್ದರೆ, ಪೂರ್ತಿ ಬರಿದಾಗಿದ್ದ ಜಲಾಶಯವೂ ಒಂದೇ ದಿನದಲ್ಲಿ ತುಂಬುತ್ತಿತ್ತು. ಅದು ಬರಿದಾಗಿರಲಿಲ್ಲ. ಪೂರ್ಣಮಟ್ಟವಾದ 885 ಅಡಿಯನ್ನು ದಾಟಿ ನೀರು 896 ಅಡಿಗೂ ಮೇಲೇರಿತು, ಬಲದಂಡೆಯ ವಿದ್ಯುದಾಗಾರಕ್ಕೆ ನುಗ್ಗಿತು. ಮೇಲ್ಭಾಗದಲ್ಲಿ ತುಂಗಭದ್ರೆ ಮತ್ತು ಹಂದ್ರಿ ನದಿಗಳ ನೆರೆ ಏರಿ ಬಂದಿತ್ತು, ಶ್ರೀಶೈಲಂನ ಹಿನ್ನೀರಿನಿಂದ ಅದಕ್ಕೆ ಮುಂದೆ ಹರಿಯಲು ದಾರಿ ಕಟ್ಟಿತ್ತು, ಕರ್ನೂಲು ನಗರ ಮುಳುಗಿತು. ಮಂತ್ರಾಲಯವೂ ಮುಳುಗಿತು.

ಇದೇ ಪ್ರವಾಹದ ಮುಂದಿನ ಭಾಗವನ್ನು ಪತ್ರಿಕೆಗಳು ಅಷ್ಟಾಗಿ ಹೇಳಲಿಲ್ಲ, ಆದರೆ ನಿರ್ವಹಣೆಯ ಬಗ್ಗೆ ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಶ್ರೀಶೈಲಂನ ಕೆಳಗೆ ನಾಗಾರ್ಜುನಸಾಗರವಿದೆ. ಆ ಹೊತ್ತಿಗೆ ಅದರಲ್ಲಿ ಖಾಲಿ ಜಾಗವಿತ್ತು. ಮೇಲಿನಿಂದ ಬಂದ ನೀರಿನಲ್ಲಿ ಒಂದು ಭಾಗವನ್ನು ಅದು ತುಂಬಿಸಿಕೊಂಡಿತು, ಉಳಿದದ್ದನ್ನು ಅಳೆದು ಬಿಟ್ಟಿತು. ಅಕ್ಟೋಬರ್ 5ರಂದು ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಬಳಿ ಹರಿದದ್ದು ಸುಮಾರು 11 ಲಕ್ಷ ಕ್ಯೂಸೆಕ್. ಅದು ದೊಡ್ಡ ಪ್ರವಾಹವೇ, ಕೃಷ್ಣಾ ಮುಖಜಭೂಮಿಯಲ್ಲಿ ಅನೇಕ ಹಳ್ಳಿಗಳು ಮುಳುಗಿದವು. ಆದರೆ ಮೇಲಿನ 25 ಲಕ್ಷದ ಎದುರು ಅದು ಅರ್ಧಕ್ಕಿಂತ ಕಡಿಮೆ. ಪ್ರವಾಹದ ಶಿಖರವನ್ನು ಕತ್ತರಿಸುವುದು ಎಂದರೆ ಇದು. ಅದನ್ನು ಮಾಡಿದ್ದು ಗೋಡೆಯಲ್ಲ, ಗೇಟಲ್ಲ, ಖಾಲಿ ಜಾಗ.

ಪರಿಣಾಮಗಳ ಭಾಗವನ್ನು ವಿದ್ಯಾರ್ಥಿಗಳು ‘ಪ್ರಾಣಹಾನಿ, ಬೆಳೆಹಾನಿ, ರೋಗರುಜಿನ’ ಎಂದು ಮುಗಿಸುತ್ತಾರೆ. ಇಲ್ಲಿಯೂ ಒಂದೆರಡನ್ನು ಆರಿಸಿ ಅದು ಹೇಗೆ ಆಗುತ್ತದೆ ಎಂಬುದನ್ನು ಬರೆಯಿರಿ. 2009ರಲ್ಲಿ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರು ಹೊಳೆಯಲ್ಲಿ ಕೊಚ್ಚಿಹೋದವರಲ್ಲ, ಮನೆ ಕುಸಿದು ಸತ್ತವರು. ಉತ್ತರ ಕರ್ನಾಟಕದ ಹಳೆಯ ಮನೆಗಳ ಗೋಡೆ ಮಣ್ಣಿನದು, ಮೇಲೆ ಮಣ್ಣಿನದೇ ಮಾಳಿಗೆ. ಒಣ ಸೀಮೆಗೆ ಅದು ತಂಪಾದ, ಜಾಣ ನಿರ್ಮಾಣ. ಆದರೆ ಎರಡು ಮೂರು ದಿನ ಸತತವಾಗಿ ತೊಯ್ದರೆ ಮಾಳಿಗೆಯ ಮಣ್ಣು ನೀರು ಹೀರಿ ಭಾರವಾಗುತ್ತದೆ, ಗೋಡೆಯ ಬುಡ ಮೆತ್ತಗಾಗುತ್ತದೆ, ಸಾಮಾನ್ಯವಾಗಿ ರಾತ್ರಿ ಎಲ್ಲರೂ ಮಲಗಿದ್ದಾಗ ಅದು ಒಳಕ್ಕೆ ಬೀಳುತ್ತದೆ. ಮಳೆ ನಿಂತು ಬಿಸಿಲು ಬಂದ ಮೇಲೂ ಗೋಡೆಗಳು ಬೀಳುತ್ತವೆ, ಒಣಗುವಾಗ ಬಿರುಕು ಬಿಡುವುದರಿಂದ. ಈ ಒಂದು ಸಂಗತಿ ತಿಳಿದಿದ್ದರೆ ‘ನೀರು ಇಳಿದ ಕೂಡಲೇ ಮನೆಗೆ ಹೋಗಬೇಡಿ’ ಎಂಬ ಸೂಚನೆಗೆ ಅರ್ಥ ಬರುತ್ತದೆ.

ಬೆಳೆಯ ವಿಷಯವೂ ಹಾಗೆಯೇ. ಚಿಕ್ಕೋಡಿ, ಅಥಣಿ, ರಾಯಬಾಗ, ಜಮಖಂಡಿಯ ನದಿತೀರದಲ್ಲಿ ಕಬ್ಬು ಹೆಚ್ಚು. ಕಬ್ಬಿನ ಬುಡದಲ್ಲಿ ಕೆಲವು ದಿನ ನೀರು ನಿಂತರೆ ಅದು ತಡೆದುಕೊಳ್ಳುತ್ತದೆ. ಸುಳಿ ಮುಳುಗಿದರೆ, ಸುಳಿಯೊಳಗೆ ರಾಡಿ ಹೊಕ್ಕರೆ ಕೊಳೆಯುತ್ತದೆ. ಆದ್ದರಿಂದ ಹಾನಿಯನ್ನು ನಿರ್ಧರಿಸುವುದು ಎಷ್ಟು ಎಕರೆಗೆ ನೀರು ಹೋಯಿತು ಎಂಬುದಕ್ಕಿಂತ ಎಷ್ಟು ಎತ್ತರಕ್ಕೆ ಹೋಯಿತು, ಎಷ್ಟು ದಿನ ನಿಂತಿತು ಎಂಬುದು. ಮೊದಲೇ ಹೇಳಿದ ಇಳಿಜಾರಿಲ್ಲದ ಬಯಲನ್ನು ನೆನಪಿಸಿಕೊಳ್ಳಿ: ಘಟ್ಟದಲ್ಲಿ ಮಳೆ ನಿಂತರೂ ಇಲ್ಲಿ ನೀರು ಬೇಗ ಇಳಿಯುವುದಿಲ್ಲ. ಕೆಳಗೆ ರಾಯಚೂರು ಜಿಲ್ಲೆಯ ನಡುಗಡ್ಡೆಗಳಲ್ಲಿ ಮನೆ ಮುಳುಗದಿದ್ದರೂ ದಾರಿ ಮುಳುಗುತ್ತದೆ. ನಾರಾಯಣಪುರದಿಂದ ಹೊರಹರಿವು ಹೆಚ್ಚಿಸಿದರೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ನೀರಿನಡಿ ಹೋಗುತ್ತದೆ. ಬಾಣಂತಿಯನ್ನು ಆಸ್ಪತ್ರೆಗೆ ಸಾಗಿಸಲಾಗದ ಆ ದಿನಗಳು ಯಾವ ಪಂಚನಾಮೆಯಲ್ಲೂ ಹಾನಿ ಎಂದು ದಾಖಲಾಗುವುದಿಲ್ಲ. ನೀವು ಬರೆಯಿರಿ.

ಮಲಪ್ರಭೆಯ ಕಥೆ ಇನ್ನೊಂದು ರೀತಿಯದು, ಅದನ್ನು ಚಿಕ್ಕದಾಗಿ ಹೇಳುತ್ತೇನೆ. ನವಿಲುತೀರ್ಥದ ಅಣೆಕಟ್ಟು ಅನೇಕ ವರ್ಷ ತುಂಬುವುದೇ ಇಲ್ಲ. ಕೆಳಗೆ ನದಿಯಲ್ಲಿ ವರ್ಷಗಟ್ಟಲೆ ನೀರಿಲ್ಲದ ಕಾರಣ ಹೊಲಗಳು ಪಾತ್ರದೊಳಕ್ಕೆ ಚಾಚಿಕೊಂಡವು, ಮುಳ್ಳುಕಂಟಿ ಬೆಳೆಯಿತು, ನದಿ ಹಳ್ಳದಂತಾಯಿತು. 2019ರಲ್ಲಿ ಅಣೆಕಟ್ಟು ತುಂಬಿ ಗೇಟು ತೆರೆಯಬೇಕಾದಾಗ ಆ ಕಿರಿದಾದ ಪಾತ್ರಕ್ಕೆ ಅಷ್ಟು ನೀರು ಹಿಡಿಯಲಿಲ್ಲ. ನರಗುಂದ, ಬಾದಾಮಿ ತಾಲ್ಲೂಕಿನ ಊರುಗಳು ಮುಳುಗಿದವು, ಪಟ್ಟದಕಲ್ಲಿನ ಗುಡಿಗಳವರೆಗೆ ನೀರು ಬಂತು. ಒತ್ತುವರಿ ಎಂಬ ಪದವನ್ನು ಬರೆಯುವಾಗ ಈ ನದಿಯನ್ನು ಉದಾಹರಿಸಿ. ಒತ್ತುವರಿ ಮಾಡಿದ ರೈತನನ್ನಷ್ಟೇ ದೂರಬೇಡಿ, ಅವನ ಕಣ್ಣೆದುರಿಗೆ ಹತ್ತಾರು ವರ್ಷ ಅಲ್ಲಿ ನದಿಯೇ ಇರಲಿಲ್ಲ.

ಈಗ ನಿರ್ವಹಣೆ. ತಡೆಗೋಡೆ, ಅರಣ್ಯೀಕರಣ, ಹೂಳೆತ್ತುವಿಕೆ ಎಲ್ಲವನ್ನೂ ಒಂದೊಂದು ವಾಕ್ಯದಲ್ಲಿ ಮುಗಿಸಿ, ಉಳಿದ ಜಾಗವನ್ನು ಜಲಾಶಯದ ಕಾರ್ಯಾಚರಣೆಗೆ ಕೊಡಿ ಎಂದು ನನ್ನ ಸಲಹೆ. ಕೃಷ್ಣೆಯಂತಹ ನದಿಯಲ್ಲಿ ಕೈಗೆ ಸಿಗುವ ದೊಡ್ಡ ಸಾಧನ ಅದೇ. ಲೆಕ್ಕಕ್ಕಾಗಿ ಹೀಗೆ ಊಹಿಸಿಕೊಳ್ಳಿ: ಒಂದು ಜಲಾಶಯದಲ್ಲಿ 25 ಟಿಎಂಸಿ ಅಡಿ ಜಾಗ ಖಾಲಿಯಿದೆ. ಕೆಳಗಿನ ಊರುಗಳಿಗೆ ತೊಂದರೆಯಾಗದಂತೆ ಎರಡೂವರೆ ಲಕ್ಷ ಕ್ಯೂಸೆಕ್ ಬಿಡಬಹುದು. ಮೇಲಿನಿಂದ ನಾಲ್ಕು ಲಕ್ಷ ಬರುತ್ತಿದೆ. ಉಳಿಯುವ ಒಂದೂವರೆ ಲಕ್ಷ ಕ್ಯೂಸೆಕ್ ದಿನಕ್ಕೆ ಸುಮಾರು 13 ಟಿಎಂಸಿ ಅಡಿಯಷ್ಟು ಜಾಗ ತಿನ್ನುತ್ತದೆ. ಎರಡು ದಿನ ತುಂಬುವ ಮೊದಲೇ ಜಾಗ ಮುಗಿಯಿತು, ಆಮೇಲೆ ಬಂದಷ್ಟನ್ನೂ ಬಿಡಲೇಬೇಕು. ಘಟ್ಟದ ಮಳೆ ಹತ್ತು ದಿನ ಹಿಡಿದರೆ ಈ ಎರಡು ದಿನದಿಂದ ಪ್ರಯೋಜನವಿಲ್ಲ. ಆದರೆ ಮಳೆಯ ಮುನ್ಸೂಚನೆ ಮೂರು ದಿನ ಮೊದಲೇ ಸಿಕ್ಕಿ, ಒಳಹರಿವು ಐವತ್ತು ಸಾವಿರ ಇರುವಾಗಲೇ ಎರಡು ಲಕ್ಷ ಬಿಡುತ್ತ ಹೋದರೆ, ಮೂರು ದಿನದಲ್ಲಿ ಇನ್ನೂ 39 ಟಿಎಂಸಿ ಅಡಿ ಜಾಗ ಸಿಗುತ್ತದೆ. ತಡೆಯುವ ಅವಧಿ ಎರಡು ದಿನದಿಂದ ಐದು ದಿನಕ್ಕೆ ಹೋಗುತ್ತದೆ. ಅಷ್ಟರಲ್ಲಿ ಜನರನ್ನು, ದನಗಳನ್ನು ಸ್ಥಳಾಂತರಿಸಬಹುದು.

ಹಾಗಾದರೆ ಯಾವಾಗಲೂ ಹೀಗೆಯೇ ಏಕೆ ಮಾಡುವುದಿಲ್ಲ ಎಂದು ನೀವು ಕೇಳಬಹುದು. ಮುನ್ಸೂಚನೆ ತಪ್ಪಿ ಮಳೆ ಬಾರದಿದ್ದರೆ ಬಿಟ್ಟ ನೀರು ಮರಳುವುದಿಲ್ಲ, ಮಾರ್ಚಿನಲ್ಲಿ ಕಾಲುವೆಯ ಕೊನೆಯ ರೈತನಿಗೆ ನೀರಿಲ್ಲ. 2009ರಂತಹ ಬರದ ವರ್ಷದಲ್ಲಿ, ಸೆಪ್ಟೆಂಬರ್ 25ರಂದು ಜಲಾಶಯ ಖಾಲಿ ಮಾಡಿ ಎಂದು ಆದೇಶಿಸುವ ಧೈರ್ಯ ಯಾವ ಎಂಜಿನಿಯರನಿಗೆ ಇದ್ದೀತು? ಈ ಇಕ್ಕಟ್ಟನ್ನು ಒಬ್ಬ ವ್ಯಕ್ತಿಯ ಹೆಗಲಿಗೆ ಹಾಕಬಾರದು ಎಂದೇ ‘ರೂಲ್ ಕರ್ವ್’ ಇರುತ್ತದೆ: ಯಾವ ದಿನಾಂಕಕ್ಕೆ ಜಲಾಶಯದ ಮಟ್ಟ ಎಷ್ಟನ್ನು ಮೀರಬಾರದು ಎಂದು ಮೊದಲೇ ಗೊತ್ತುಮಾಡಿದ ಪಟ್ಟಿ. ಅದು ಮೇಲಿನ ಕೊಯ್ನಾದಿಂದ ಕೆಳಗಿನ ನಾಗಾರ್ಜುನಸಾಗರದವರೆಗೆ ಒಂದಕ್ಕೊಂದು ಹೊಂದಿಕೊಂಡಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಕೊಯ್ನಾದ ಗೇಟು ತೆರೆದ ಸುದ್ದಿ ನೀರಿಗಿಂತ ಮೊದಲು ಆಲಮಟ್ಟಿಗೆ ತಲುಪಬೇಕು. ಐದು ಲಕ್ಷ ಕ್ಯೂಸೆಕ್ ಬರುವುದಾದರೆ, 123 ಟಿಎಂಸಿ ಅಡಿಯ ಆಲಮಟ್ಟಿ ಪೂರ್ತಿ ಬರಿದಾಗಿದ್ದರೂ ಮೂರು ದಿನದೊಳಗೆ ತುಂಬುತ್ತದೆ ಎಂಬುದನ್ನು ನೀವೇ ಈಗ ಲೆಕ್ಕ ಹಾಕಬಲ್ಲಿರಿ. 2019ರಲ್ಲಿ ಅಲ್ಲಿಂದ ಐದು ಲಕ್ಷಕ್ಕೂ ಹೆಚ್ಚು ಬಿಡಬೇಕಾಯಿತು. ಗೇಟುಗಳು ಬೇಕಾದಾಗ ಬೇಕಾದಷ್ಟೇ ತೆರೆಯುವಂತಿರಬೇಕು ಎಂಬುದನ್ನೂ ಸೇರಿಸಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದದ್ದು ನಿಮಗೆ ನೆನಪಿದೆ.

ಪ್ರವಾಹ ಬಯಲಿನ ವಲಯೀಕರಣದ ಬಗ್ಗೆ ಕೇಂದ್ರ ಸರ್ಕಾರ 1975ರಲ್ಲೇ ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳಿಸಿತು. ಅದನ್ನು ಕಾನೂನು ಮಾಡಿದ ರಾಜ್ಯಗಳು ಬೆರಳೆಣಿಕೆಯಷ್ಟು. ಮಹಾರಾಷ್ಟ್ರದಲ್ಲಿ ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟಕ್ಕೆ ನೀಲಿ ಗೆರೆ, ನೂರು ವರ್ಷಕ್ಕೊಮ್ಮೆ ಬರಬಹುದಾದ ಮಟ್ಟಕ್ಕೆ ಕೆಂಪು ಗೆರೆ ಎಳೆಯುವ ಪದ್ಧತಿಯಿದೆ. ಗೆರೆಯಿದ್ದೂ ಅದರೊಳಗೆ ಮನೆ ಎದ್ದರೆ ಗೆರೆ ನಕ್ಷೆಯಲ್ಲೇ ಉಳಿಯುತ್ತದೆ. ಪುನರ್ವಸತಿಯಲ್ಲೂ ಜಾಗದ ಪ್ರಶ್ನೆಯೇ ಮುಖ್ಯ. 2009ರ ನಂತರ ‘ಆಸರೆ’ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಎತ್ತರದ ಜಾಗಗಳಲ್ಲಿ ಮನೆಗಳನ್ನು ಕಟ್ಟಿದರು. ಎಲ್ಲೆಲ್ಲಿ ಹೊಸ ಮನೆ ಹೊಲದಿಂದ ದೂರವಾಯಿತೋ, ಎತ್ತು ಕಟ್ಟಲು, ಮೇವು ಒಟ್ಟಲು ಜಾಗವಿರಲಿಲ್ಲವೋ, ಅಲ್ಲಿ ಜನ ಹಳೆಯ ಊರಿಗೇ ಮರಳಿದರು. ಒಕ್ಕಲುತನದ ಮನೆ ಬರೀ ಮಲಗುವ ಕೋಣೆಯಲ್ಲ ಎಂಬುದನ್ನು ಆ ನಕ್ಷೆ ಬರೆದವರು ಗಮನಿಸಬೇಕಿತ್ತು.

ಕೊನೆಯದಾಗಿ ಎಚ್ಚರಿಕೆಯ ಭಾಷೆ. ಕೇಂದ್ರ ಜಲ ಆಯೋಗ, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇವೆಲ್ಲ ಅಂಕಿಗಳನ್ನು ಕೊಡುತ್ತವೆ, ಜಿಲ್ಲಾಡಳಿತ ಅದನ್ನು ‘ಇಂದು ಇಷ್ಟು ಲಕ್ಷ ಕ್ಯೂಸೆಕ್ ಬಿಡಲಾಗುವುದು, ನದಿಪಾತ್ರದ ಜನರು ಎಚ್ಚರದಿಂದಿರಿ’ ಎಂದು ಡಂಗುರ ಸಾರಿಸುತ್ತದೆ. ನದಿತೀರದ ಒಂದು ಊರಿನಲ್ಲಿ ವಯಸ್ಸಾದ ತಾಯಿಯೊಬ್ಬರು ನನ್ನನ್ನು ಕೇಳಿದ ಮಾತು ಇದು: ‘ಸರ, ಮೂರು ಲಕ್ಷ ಅಂದ್ರ ನಮ್ಮ ಹಣಮಪ್ಪನ ಗುಡಿ ಕಟ್ಟಿಗೆ ಬರತೈತೋ, ಒಳಗ ಬರತೈತೋ?’ ಅವರಿಗೆ ಬೇಕಾದದ್ದು ಆ ಉತ್ತರ. ಅದನ್ನು ಕೊಡುವುದು ಅಸಾಧ್ಯವಲ್ಲ. 2009ರ ಮತ್ತು 2019ರ ನೀರು ಆ ಗುಡಿಯ ಗೋಡೆಯಲ್ಲಿ ಎಲ್ಲಿಯವರೆಗೆ ಬಂದಿತ್ತು ಎಂಬುದು ಊರಿಗೆಲ್ಲ ಗೊತ್ತು, ಆ ದಿನ ಅಣೆಕಟ್ಟಿನಿಂದ ಎಷ್ಟು ಬಿಟ್ಟಿದ್ದರು ಎಂಬುದು ಕಚೇರಿಯ ದಾಖಲೆಯಲ್ಲಿದೆ. ಎರಡನ್ನೂ ಒಂದೇ ಕಲ್ಲಿನ ಮೇಲೆ ಕೆತ್ತಿ, ಎರಡು ಲಕ್ಷಕ್ಕೆ ಇಲ್ಲಿ, ಮೂರು ಲಕ್ಷಕ್ಕೆ ಇಲ್ಲಿ, ಐದು ಲಕ್ಷಕ್ಕೆ ಇಲ್ಲಿ ಎಂದು ಬಣ್ಣ ಬಳಿದು ಗುಡಿಯ ಮುಂದೆ ನಿಲ್ಲಿಸಬೇಕು. ಪಾತ್ರದಲ್ಲಿ ಹೂಳು ತುಂಬಿದರೆ, ಹೊಸ ಸೇತುವೆ ಬಂದರೆ ಅದೇ ಹರಿವಿಗೆ ಮಟ್ಟ ಬದಲಾಗುತ್ತದೆ, ಹಾಗಾಗಿ ಪ್ರತಿ ನೆರೆಯ ನಂತರ ಆ ಗುರುತುಗಳನ್ನು ತಿದ್ದಬೇಕು.